ಹತ್ತರಿಂದ ನಾಲ್ಕರವರೆಗೆ ಓದು

"ಸರ್ವೆ ಇಲಾಖೆಯಿಂದ ಕಳೆದ ತಿಂಗಳು ನಿವೃತ್ತನಾದೆ. ದಾವಣಗೆರೆಯಲ್ಲಿ ಮನೆ, ಮಕ್ಕಳು ಬೆಂಗಳೂರಲ್ಲಿ. ಬೆಳಗ್ಗೆ ಎದ್ದರೆ ಯಾಕಪ್ಪಾ ಎದ್ದೆ ಅನ್ನಿಸುತ್ತೆ. ಕೆಲಸ ಮುಗಿದ ಮೇಲೆ ಮನುಷ್ಯನಿಗೆ ಇನ್ನೇನು ಉದ್ದೇಶ ಉಳಿಯುತ್ತೆ? ಓದೋದಕ್ಕೆ ಏನಾದರೂ ಹೇಳಿ."

ಸರ್, ಮೊದಲು ಏನು ಓದಬಾರದು ಅಂತ ಹೇಳಿಬಿಡುತ್ತೇನೆ. ಬದುಕಿನ ಗುರಿ ಕಂಡುಕೊಳ್ಳುವುದು ಹೇಗೆ ಅನ್ನುವ ಪುಸ್ತಕಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಬೀಳ್ಕೊಡುಗೆಯ ದಿನ ಶಾಲು, ಹಾರದ ಜೊತೆ ಕಗ್ಗದ ಒಂದೆರಡು ಪ್ರತಿಯಾದರೂ ಬಂದಿರುತ್ತವೆ. ಅವೂ ಶೆಲ್ಫಿನಲ್ಲೇ ಇರಲಿ, ಎಲ್ಲಿಗೂ ಓಡಿಹೋಗುವುದಿಲ್ಲ.

ನಾನು ಚಿತ್ರದುರ್ಗದಲ್ಲಿ ಕಾಲೇಜು ಲೈಬ್ರರಿ ನೋಡಿಕೊಳ್ಳುತ್ತಿದ್ದವನು. ರಿಟೈರ್ ಆದವರು ಬಂದು ನೀವು ಕೇಳಿದ್ದನ್ನೇ ಕೇಳುತ್ತಿದ್ದರು. ಅವರ ಕೈಗೆ ನಾನು ಕೊಡುತ್ತಿದ್ದದ್ದು ಚಾರ್ಲ್ಸ್ ಲ್ಯಾಂಬ್ ಬರೆದ ಒಂದು ಇಂಗ್ಲಿಷ್ ಪ್ರಬಂಧ. ಹೆಸರೇ ನಮ್ಮ ಸರ್ವಿಸ್ ರಿಜಿಸ್ಟರಿನ ಭಾಷೆಯಲ್ಲಿದೆ. The Superannuated Man ಎಂದು ಟೈಪ್ ಮಾಡಿದರೆ ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಕೆಲವೇ ಪುಟ. ಹಳೆ ಇಂಗ್ಲಿಷ್, ಸ್ವಲ್ಪ ಸುತ್ತುಬಳಸಿನದು, ನಿಧಾನವಾಗಿ ಓದಿ.

ಈ ಲ್ಯಾಂಬ್ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಕಚೇರಿಯಲ್ಲಿ ಲೆಕ್ಕಪತ್ರದ ಗುಮಾಸ್ತ. 1792ರಲ್ಲಿ ಸೇರಿದ. 1799ರಲ್ಲಿ ಶ್ರೀರಂಗಪಟ್ಟಣ ಕಂಪನಿಯ ಕೈಗೆ ಬಿದ್ದಾಗಲೂ ಅದೇ ಕಂಪನಿಯ ಲೆಡ್ಜರ್ ಬರೆಯುತ್ತಾ ಕೂತಿದ್ದ ಮನುಷ್ಯ. 1825ರ ಮಾರ್ಚ್ ಕೊನೆಯಲ್ಲಿ, ಐವತ್ತನೇ ವಯಸ್ಸಿಗೆ, ಪೆನ್ಷನ್ ಕೊಟ್ಟು ಮನೆಗೆ ಕಳಿಸಿದರು. ಪ್ರಬಂಧದಲ್ಲಿ ಕಂಪನಿಯ ಹೆಸರು ಬದಲಿಸಿದ್ದಾನೆ, ಸರ್ವಿಸಿನ ವರ್ಷಗಳನ್ನೂ ಸ್ವಲ್ಪ ಹೆಚ್ಚಿಸಿದ್ದಾನೆ, ಆದರೆ ವಿಷಯ ಅವನದ್ದೇ.

ಮೊದಲ ದಿನಗಳಲ್ಲಿ ಅವನಿಗೆ ತಲೆಯೇ ಓಡುವುದಿಲ್ಲ. ಖುಷಿಯಾಗಿದ್ದೇನೆ ಅಂದುಕೊಂಡು ಊರೆಲ್ಲ ಅಲೆಯುತ್ತಾನೆ, ಖುಷಿಯಾಗಿಲ್ಲ ಅಂತ ಒಳಗೇ ಗೊತ್ತಿರುತ್ತದೆ. ವಾರದ ದಿನಗಳು ಕಲಸಿಹೋಗುತ್ತವೆ. ಕೆಲಸವಿದ್ದಾಗ ಬುಧವಾರಕ್ಕೆ ಒಂದು ಬುಧವಾರದ ಭಾವ, ಶನಿವಾರ ರಾತ್ರಿಗೆ ಒಂದು ಹಿಗ್ಗು ಇತ್ತಲ್ಲ, ಅದು ಹೋಯಿತು. ಆಮೇಲೆ ಒಂದು ದಿನ ಹಳೆ ಆಫೀಸಿಗೆ ಹೋಗುತ್ತಾನೆ. ಜೊತೆಯವರು ಚೆನ್ನಾಗಿಯೇ ಮಾತಾಡಿಸುತ್ತಾರೆ, ಆದರೆ ಹಳೆ ತಮಾಷೆಗಳು ಮೊದಲಿನ ಹಾಗೆ ಕೂರುವುದಿಲ್ಲ. ಅವನ ಮೇಜು ಇನ್ನೊಬ್ಬನದಾಗಿದೆ. ಅವನು ಟೋಪಿ ತೂಗುಹಾಕುತ್ತಿದ್ದ ಗೂಟವೂ ಇನ್ನೊಬ್ಬನಿಗೆ ಹೋಗಿದೆ. ಹೀಗೇ ಆಗಬೇಕಾದದ್ದು ಅಂತ ಗೊತ್ತು, ಆದರೂ ಅದು ಅವನಿಗೆ ಹಿತವಾಗುವುದಿಲ್ಲ. ಆ ಗೂಟದ ಸಾಲು ಓದಿ ಪುಸ್ತಕ ಮುಚ್ಚಿ ಸುಮ್ಮನೆ ಕೂತ ತಹಶೀಲ್ದಾರರೊಬ್ಬರನ್ನು ನಾನು ನೋಡಿದ್ದೇನೆ.

ಪ್ರಬಂಧದ ಕೊನೆಯಲ್ಲಿ ಲ್ಯಾಂಬ್ ದೊಡ್ಡ ಮಾತಾಡುತ್ತಾನೆ. ನನಗೊಬ್ಬ ಮಗ ಇದ್ದಿದ್ದರೆ 'ಮಾಡೋಕೇನೂ ಇಲ್ಲ' ಅಂತಲೇ ಹೆಸರಿಡುತ್ತಿದ್ದೆ, ಅವನು ಏನೂ ಮಾಡಬಾರದು, ಇತ್ಯಾದಿ. ಇಲ್ಲಿಗೆ ನಿಲ್ಲಿಸಿದರೆ ನಿವೃತ್ತಿ ಅಂದರೆ ಇಷ್ಟೇ, ಹದಿನೈದು ದಿನ ಒದ್ದಾಡಿ ಆಮೇಲೆ ಹಾಯಾಗಿರುವುದು ಅನ್ನಿಸುತ್ತದೆ. ಆದರೆ ಇದು ಅಚ್ಚಾದದ್ದು 1825ರ ಮೇ ತಿಂಗಳಲ್ಲಿ. ಬರೆಯುವಾಗ ಅವನೂ ನಿಮ್ಮ ಹಾಗೆ ಹೊಸಬ. ಮುಂದೇನಾಯಿತು ಅನ್ನುವುದು ಅವನ ಕಾಗದಗಳಲ್ಲಿದೆ. ಅದಕ್ಕೇ ಪ್ರಬಂಧದ ಜೊತೆ ಕಾಗದಗಳನ್ನೂ ಓದಿ ಅನ್ನುತ್ತೇನೆ.

1826ರ ಸೆಪ್ಟೆಂಬರಿನಲ್ಲಿ ಗೆಳೆಯ ಬರ್ನಾರ್ಡ್ ಬಾರ್ಟನ್‌ಗೆ ಬರೆದ ಕಾಗದ ನೋಡಿ. ಅಷ್ಟರಲ್ಲಿ ಲ್ಯಾಂಬ್ ಬ್ರಿಟಿಷ್ ಮ್ಯೂಸಿಯಮ್ಮಿಗೆ ಓದಲು ಹೋಗಲು ಶುರುಮಾಡಿದ್ದ. ನಟ ಗ್ಯಾರಿಕ್ ಕೂಡಿಸಿಟ್ಟಿದ್ದ ಹಳೆ ನಾಟಕಗಳ ರಾಶಿ ಅಲ್ಲಿತ್ತು. ಓದಬೇಕಾದ್ದು ಎರಡು ಸಾವಿರ, ಕೆಲವು ವಾರಗಳಲ್ಲಿ ಹತ್ತರಲ್ಲೊಂದು ಪಾಲು ಮುಗಿಸಿದ್ದೇನೆ ಅನ್ನುತ್ತಾನೆ. ಇದು ನನಗೆ ಒಂಥರಾ ಆಫೀಸು, ವೇಳೆಯೂ ಅದೇ ಹತ್ತರಿಂದ ನಾಲ್ಕು, ಇದರಿಂದ ನನಗೆ ಒಳ್ಳೆಯದಾಗುತ್ತಿದೆ, ರೂಢಿಯಾದ ಮನುಷ್ಯನಿಗೆ ನಿಯಮಿತ ಕೆಲಸ ಇರಲೇಬೇಕು ಅಂತ ಬರೆಯುತ್ತಾನೆ. ಏನೂ ಮಾಡಬಾರದು ಅಂದವನು ಇವನೇ ಅಲ್ವಾ! ಇನ್ನೊಂದು ವಿಷಯ. ಅವನು ಸುಮ್ನೆ ಓದಿ ಎದ್ದುಬರುತ್ತಿರಲಿಲ್ಲ. ಚೆನ್ನಾಗಿರುವ ಭಾಗಗಳನ್ನು ನಕಲು ಮಾಡಿಕೊಂಡು ಬರುತ್ತಿದ್ದ. 1827ರಲ್ಲಿ ವಿಲಿಯಂ ಹೋನ್ ಎಂಬ ಗೆಳೆಯ ನಡೆಸುತ್ತಿದ್ದ ಪತ್ರಿಕೆಯಲ್ಲಿ ಅವು ಕಂತು ಕಂತಾಗಿ ಬಂದವು. ಅಂದರೆ ಅವನ ಓದಿಗೆ ವೇಳೆ ಇತ್ತು, ಮುಗಿಸಬೇಕಾದ ರಾಶಿ ಇತ್ತು, ಮುಂದಿನ ಕಂತು ಎಲ್ಲಿ ಅಂತ ಕೇಳುವ ಒಬ್ಬ ಮನುಷ್ಯ ಇದ್ದ.

ಆಮೇಲೆ 1829ರ ಜುಲೈ ಕಾಗದ. ಅಷ್ಟರಲ್ಲಿ ನಾಟಕಗಳ ಕೆಲಸ ಮುಗಿದಿತ್ತು. ಲಂಡನ್ ಬಿಟ್ಟು ಎನ್‌ಫೀಲ್ಡ್ ಎಂಬ ಹಳ್ಳಿ ಸೇರಿದ್ದ. ಪಟ್ಟಣಕ್ಕೆ ಹೋಗಿ ಬಂದರೆ ಬೀದಿ ಅಂಗಡಿ ಎಲ್ಲ ಇವೆ, ಗೆಳೆಯರೇ ಇಲ್ಲ ಅನ್ನುತ್ತಾನೆ. ಕೆಲಸವಿಲ್ಲದಿರುವುದು ಅತಿ ಕೆಲಸಕ್ಕಿಂತ ಕೆಟ್ಟದ್ದು, ಮನಸ್ಸು ತನ್ನನ್ನೇ ತಿನ್ನಲು ಶುರುಮಾಡುತ್ತದೆ ಅಂತ ಅದೇ ಬಾರ್ಟನ್‌ಗೆ ಬರೆಯುತ್ತಾನೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಓದುವ ಅಭ್ಯಾಸ ಅವನಿಗೆ ಆಗಲೂ ಇತ್ತು, ಪುಸ್ತಕವೂ ಇದ್ದವು. ಹೋಗಿದ್ದದ್ದು ರಾಶಿ, ವೇಳೆ, ಕೇಳುವ ಮನುಷ್ಯ. ಬರೀ ಓದು ಆ ಜಾಗ ತುಂಬಲಿಲ್ಲ.

ನಿಮ್ಮ ಪ್ರಶ್ನೆ ಹೊಸದೇನಲ್ಲ ಅಂತ ನೋಡಬೇಕಿದ್ದರೆ ಸೆನೆಕಾ ಎಂಬ ರೋಮನ್ ತತ್ವಜ್ಞಾನಿ ಬದುಕಿನ ಅಲ್ಪಾವಧಿಯ ಬಗ್ಗೆ ಬರೆದ ಪುಟ್ಟ ಪುಸ್ತಕದ ಕೊನೆಯ ಭಾಗ ಓದಿ. ತುರಾನ್ನಿಯಸ್ ಎಂಬ ಅಧಿಕಾರಿ, ವಯಸ್ಸು ತೊಂಬತ್ತು ದಾಟಿತ್ತು. ಚಕ್ರವರ್ತಿ ಕ್ಯಾಲಿಗುಲ ಅವನನ್ನು ಕೆಲಸದಿಂದ ಬಿಡುಗಡೆ ಮಾಡಿದ. ಮನೆಗೆ ಬಂದವನೇ ಮಂಚದ ಮೇಲೆ ಹೆಣದ ಹಾಗೆ ಮಲಗಿ, ಸತ್ತೆ ಅಂತ ಅಳಿ ಎಂದು ಮನೆಯವರಿಗೆ ಅಪ್ಪಣೆ ಮಾಡಿದ. ಕೆಲಸ ವಾಪಸ್ ಸಿಗುವವರೆಗೆ ಆ ಗೋಳಾಟ ನಿಲ್ಲಲಿಲ್ಲ. ಸೆನೆಕಾ ಇದನ್ನು ಗೇಲಿ ಮಾಡಲು ಹೇಳುತ್ತಾನೆ. ಆ ಪುಸ್ತಕ ಬರೆದದ್ದೇ ರೋಮಿನ ಧಾನ್ಯದ ಉಸ್ತುವಾರಿ ಹೊತ್ತ ಪೌಲಿನಸ್ ಎಂಬಾತನಿಗೆ, ಲೆಕ್ಕ ಬಿಟ್ಟು ತತ್ವಶಾಸ್ತ್ರ ಓದಿಕೋ ಎಂದು. ಎಸ್ಟೇಟು, ಆಳುಕಾಳು ಇದ್ದವನಿಗೆ ಆ ಬುದ್ಧಿಮಾತು ಸುಲಭ. ನನಗಂತೂ ಆ ಮುದುಕನ ಮೇಲೇ ಕನಿಕರ ಜಾಸ್ತಿ.

ಸರಿ, ದಾವಣಗೆರೆಯಲ್ಲಿ ಕೂತ ನಿಮಗೆ ಆ ಎರಡು ಸಾವಿರ ನಾಟಕ ಯಾವುದು? ಸರ್ವೆಯವರು ಅಂದಿರಲ್ಲ, ನನಗೆ ತಕ್ಷಣ ಹೊಳೆದದ್ದು ಶಾಸನ. ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೇ ಸಂಪುಟ ಪೂರ್ತಿ ಹಳೆ ಚಿತ್ರದುರ್ಗ ಜಿಲ್ಲೆಯದು. 1997ರವರೆಗೆ ದಾವಣಗೆರೆಯೂ ಅದೇ ಜಿಲ್ಲೆಯಲ್ಲಿತ್ತಲ್ಲ, ಹಾಗಾಗಿ ನಿಮ್ಮ ತಾಲ್ಲೂಕಿನದೂ ಅದರಲ್ಲೇ ಇದೆ. archive.org ನಲ್ಲಿ Epigraphia Carnatica Volume XI ಎಂದು ಹುಡುಕಿ. ಶಾಸನಗಳಿಗೆ ತಾಲ್ಲೂಕುವಾರು ನಂಬರ್ ಇದೆ. ಒಂದೇ ಶಾಸನ ಮೂರು ಕಡೆ ಬರುತ್ತದೆ: ಇಂಗ್ಲಿಷ್ ಅನುವಾದ ಒಂದು ಕಡೆ, ರೋಮನ್ ಅಕ್ಷರದಲ್ಲಿ ಒಂದು ಕಡೆ, ಕನ್ನಡ ಅಕ್ಷರದಲ್ಲಿ ಇನ್ನೊಂದು ಕಡೆ. ಹರಿಹರದ ಶಾಸನಗಳನ್ನು ದಾವಣಗೆರೆ ತಾಲ್ಲೂಕಿನ ಕೆಳಗೆ ನೋಡಿ. ಹೊನ್ನಾಳಿ, ಚನ್ನಗಿರಿಯವು ಬೇಕಿದ್ದರೆ ಏಳನೇ ಸಂಪುಟ, ಅವು ಆಗ ಶಿವಮೊಗ್ಗ ಜಿಲ್ಲೆ.

ಹರಿಹರದಿಂದಲೇ ಶುರುಮಾಡಿ, ಹತ್ತಿರ. ಹರಿಹರೇಶ್ವರ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1220ರ ದಶಕದಲ್ಲಿ ಕಟ್ಟಿಸಿದ. ಅಂಗಳದಲ್ಲಿ ಎತ್ತರದ ಶಾಸನಗಲ್ಲುಗಳು ನಿಂತಿವೆ. ದೊಡ್ಡ ದಾನಶಾಸನಗಳ ಧಾಟಿ ಹೆಚ್ಚುಕಡಿಮೆ ಒಂದೇ: ದೇವರ ಸ್ತುತಿ, ರಾಜನ ಹೊಗಳಿಕೆ, ದಾನ ಕೊಟ್ಟವನ ಹೊಗಳಿಕೆ, ಆಮೇಲೆ ದಾನದ ವಿವರ. ಮೇಷ್ಟ್ರುಗಳು ಹೊಗಳಿಕೆಯ ಪದ್ಯಕ್ಕೇ ನಿಂತುಬಿಡುತ್ತಾರೆ. ನಿಮ್ಮ ಹಬ್ಬ ಇರುವುದು ದಾನದ ವಿವರದಲ್ಲಿ. ಭೂಮಿ ಎಷ್ಟು ಮತ್ತರು, ಎಷ್ಟು ಕಮ್ಮ, ಯಾವ ಗಳೆಯಲ್ಲಿ ಅಳೆದದ್ದು, ಮೂಡಣಕ್ಕೆ ಯಾವ ಕೆರೆ, ತೆಂಕಣಕ್ಕೆ ಯಾವ ಹಳ್ಳ, ಎಲ್ಲಿ ನೆಟ್ಟ ಕಲ್ಲು. ಇದು ಚಕ್ಕುಬಂದಿಯಲ್ಲದೆ ಮತ್ತೇನು? ಕೊನೆಗೆ ಶಾಪ: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಒತ್ತುವರಿ ಕೇಸುಗಳನ್ನು ನೋಡಿದ ನಿಮಗೆ ಆ ಸಿಟ್ಟು ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ.

ಮಾಡುವ ಕ್ರಮ ಹೀಗಿರಲಿ. ಒಂದು ಶಾಸನ ಆರಿಸಿ, ಆ ಪುಟಗಳನ್ನಷ್ಟೇ ಪ್ರಿಂಟ್ ತೆಗೆಸಿ. ಕನ್ನಡ ಪಾಠವನ್ನು ಮೊದಲು ಕೈಯಲ್ಲಿ ನಕಲು ಮಾಡಿ, ಅನುವಾದ ಆಮೇಲೆ. ಇದನ್ನು ತಿರುಗಾಮುರುಗಾ ಮಾಡಿದರೆ ಇಂಗ್ಲಿಷ್ ಓದಿ ಮುಗಿಸಿ ಕಲ್ಲನ್ನೇ ಮರೆಯುತ್ತೀರಿ. ಬಿಡಿಸಲಾಗದ ಹಳಗನ್ನಡ ಪದಕ್ಕೆ ಅಡಿಗೆರೆ ಹಾಕಿ ಮುಂದೆ ಹೋಗಿ. ಚಕ್ಕುಬಂದಿ ಸಿಕ್ಕ ಕೂಡಲೇ ನಿಮ್ಮ ಹಳೆ ಅಭ್ಯಾಸದಂತೆ ಒಂದು ಕೈನಕ್ಷೆ ಬರೆಯಿರಿ. ಆಮೇಲೆ ಗ್ರಾಮನಕ್ಷೆ ಇಟ್ಟುಕೊಂಡು ಆ ಕೆರೆ, ಆ ಹಳ್ಳ ಈಗ ಎಲ್ಲಿ ಅಂತ ಹುಡುಕಿ. ಕೆಲವು ಸಿಗುತ್ತವೆ, ಕೆಲವು ಸೈಟಾಗಿರುತ್ತವೆ. ಹೆಸರು ಒಂದೇ ಅಂತ ಊರೂ ಅದೇ ಅಂದುಕೊಳ್ಳಬೇಡಿ. ದಿಕ್ಕಿನ ಎರಡು ಗುರುತಾದರೂ ಹೊಂದಬೇಕು.

ಕಲ್ಲು ನೋಡಲು ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆ ಬಿಸಿಲಿನಲ್ಲಿ ಅಕ್ಷರ ಎದ್ದು ಕಾಣುತ್ತದೆ, ಮಧ್ಯಾಹ್ನ ಎಲ್ಲ ಚಪ್ಪಟೆ. ಸೀಮೆಸುಣ್ಣ, ಎಣ್ಣೆ ಬಳಿಯಬೇಡಿ, ಕಲ್ಲು ಹಾಳಾಗುತ್ತದೆ. ಹಳ್ಳಿಗಳಲ್ಲಿ ಕಲ್ಲಿಗೆ ಪೇಂಟ್ ಹೊಡೆದಿರುತ್ತಾರೆ, ಅರ್ಧ ಸಿಮೆಂಟಿನಲ್ಲಿ ಹೂತಿರುತ್ತಾರೆ, ಜಾಗವೇ ಬದಲಾಗಿರುತ್ತದೆ. ಅದನ್ನೂ ಬರೆದಿಡಿ. ನೂರು ವರ್ಷ ದಾಟಿದ ಸಂಪುಟದಲ್ಲಿ ಅದು ಇರುವುದಿಲ್ಲ, ಅದನ್ನು ನೀವೇ ಹೇಳಬೇಕು.

ಬರೆದದ್ದನ್ನು ಒಬ್ಬರಿಗೆ, ಗೊತ್ತುಪಡಿಸಿದ ದಿನ, ಕಳಿಸಿ. ಆ ಊರಿನ ಶಾಲೆಯ ಮೇಷ್ಟ್ರಾದರೂ ಸರಿ, ಬೆಂಗಳೂರಿನ ಮೊಮ್ಮಗಳಾದರೂ ಸರಿ. ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅಲ್ಲಿ ಎಲ್ಲರೂ ಕೈ ಮುಗಿಯುತ್ತಾರೆ, ಯಾರೂ ಓದುವುದಿಲ್ಲ. ಓದು ದಾರಿ ತಪ್ಪಿದೆಯೋ ಇಲ್ಲವೋ ಅಂತ ನೋಡಲು ರಾತ್ರಿ ಊಟದ ಹೊತ್ತಿಗೆ ಇವತ್ತು ಓದಿದ್ದರಲ್ಲಿ ಮನೆಯವರಿಗೆ ಒಂದು ಸಂಗತಿ ಹೇಳಿ. ಹೇಳಲು ಏನೂ ಸಿಗದ ದಿನಗಳು ಸಾಲಾಗಿ ಬಂದರೆ ಶಾಸನ ಬದಲಿಸಿ, ಅಥವಾ ವಿಷಯವನ್ನೇ ಬದಲಿಸಿ.

ಒಂದು ಮಾತು. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಪುಸ್ತಕದ ಕೆಲಸವಲ್ಲ, ಡಾಕ್ಟರ್ ಹತ್ತಿರ ಹೋಗಿ. ಬೇಡ ಅನ್ನಿಸುವುದೇ ಬಲವಾಗಿದ್ದರೆ ಎರಡು ವಾರವೂ ಕಾಯಬೇಡಿ.

ಮತ್ತೆ, ಕಣ್ಣಿನ ಪೊರೆಯ ಆಪರೇಷನ್ ಮುಂದೂಡುತ್ತಾ ಬಂದಿದ್ದರೆ ಅದನ್ನು ಮೊದಲು ಮುಗಿಸಿಕೊಳ್ಳಿ. ಆ ಸ್ಕ್ಯಾನ್ ಪುಟಗಳ ಅಚ್ಚು ಹಳೆಯದು, ಕೆಲವು ಕಡೆ ಒತ್ತಕ್ಷರ ಮಸುಕು. ಜೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಗೆ ದೊಡ್ಡದು ಮಾಡಿಕೊಡಿ ಅಂದರೆ ಮಾಡಿಕೊಡುತ್ತಾರೆ.