ಗಂಧದ ಸೋಪಿನ ಫೋಟೊ ಕೆಳಗೆ ಏನು ಬರೆಯೋಣ?

ನಮಸ್ಕಾರ ಸಾರ್. ಗುಬ್ಬಿಯಲ್ಲಿ ಮನೆಯಲ್ಲೇ ಸೋಪು ಮಾಡಿ ಮಾರುತ್ತೇನೆ. ಈಗ ಹೊಸದಾಗಿ ಗಂಧದ ಸೋಪು ಮಾಡಿದ್ದೇನೆ, 120 ರೂಪಾಯಿ ಇಟ್ಟಿದ್ದೇನೆ. ಫೋಟೊ, ಲೆಕ್ಕದ ಚೀಟಿ ಎರಡೂ ಜೊತೆಗಿವೆ. "ನೂರಕ್ಕೆ ನೂರು ಶುದ್ಧ ಶ್ರೀಗಂಧ, ಕೆಮಿಕಲ್ ಇಲ್ಲ, ಮೊಡವೆ ಕಲೆ ಮಾಯ" ಅಂತ ಬರೆದಿದ್ದೆ. ನಮ್ಮ ಅಣ್ಣ ಇದು ಜಾಸ್ತಿ ಆಯ್ತು ಅಂತಾನೆ. ಸುಳ್ಳೂ ಆಗಬಾರದು, ಸಪ್ಪೆಯೂ ಆಗಬಾರದು. ಹೇಗೆ ಬರೆಯಲಿ?
– ಓದುಗರು, ಗುಬ್ಬಿ

ನಿಮ್ಮ ಅಣ್ಣ ಹೇಳಿದ್ದು ಸರಿ. ಆದರೆ ಎಷ್ಟು ಜಾಸ್ತಿ ಆಯ್ತು ಅನ್ನೋದಕ್ಕೆ ಉತ್ತರ ನೀವು ಕಳಿಸಿದ ಚೀಟಿಯಲ್ಲೇ ಇದೆ. ಅದನ್ನು ಇಟ್ಟುಕೊಂಡೇ ಮಾತಾಡೋಣ.

ಒಂದು ಸಲಕ್ಕೆ ನೀವು ಹಾಕುವುದು ತಿಪಟೂರಿನ ಗಾಣದ ಕೊಬ್ಬರಿ ಎಣ್ಣೆ 500 ಗ್ರಾಂ, ಅಕ್ಕಿ ತೌಡಿನ ಎಣ್ಣೆ 400, ಹರಳೆಣ್ಣೆ 100. ನೀರು 330, ಕಾಸ್ಟಿಕ್ ಸೋಡಾ 143. ಸುಗಂಧದ ಎಣ್ಣೆ 30 ಗ್ರಾಂ, ಗಂಧದ ಪುಡಿ 10, ರಕ್ತಚಂದನದ ಪುಡಿ 5. ಎಲ್ಲ ಕೂಡಿದರೆ 1518 ಗ್ರಾಂ, ಅಂದರೆ ನೂರು ಗ್ರಾಂ ಚಿಲ್ಲರೆಯ ಹದಿನೈದು ಸೋಪು. ಈಗ ಗಂಧದ ಪುಡಿಯನ್ನು ಹದಿನೈದು ಪಾಲು ಮಾಡಿ. ಒಂದು ಸೋಪಿಗೆ ಮುಕ್ಕಾಲು ಗ್ರಾಂ ಕೂಡ ಬರುವುದಿಲ್ಲ. ನೂರರಲ್ಲಿ ಒಂದು ಪಾಲೂ ಅಲ್ಲ. ಹಾಗಿರುವಾಗ "ನೂರಕ್ಕೆ ನೂರು" ಅನ್ನುವ ಮಾತಿಗೆ ಜಾಗವೇ ಇಲ್ಲ, ಅಲ್ವಾ? ಪುಡಿ ಶುದ್ಧ ಅಂತ ನೀವು ಹೇಳಹೊರಟಿದ್ದಿರಬಹುದು. ಓದುವವರು ಮಾತ್ರ ಸೋಪೇ ಗಂಧ ಅಂದುಕೊಳ್ಳುತ್ತಾರೆ.

ಪರಿಮಳ ಎಲ್ಲಿಂದ ಬರುತ್ತಿದೆ ಅನ್ನುವುದು ಇನ್ನೂ ಮುಖ್ಯ. ಒಳ್ಳೆಯ ಗಂಧದ ಚೇಗಿನಲ್ಲಿ ಎಣ್ಣೆ ನೂರಕ್ಕೆ ಐದರಷ್ಟು ಸಿಕ್ಕರೆ ಅದೇ ಪುಣ್ಯ. ನಿಮ್ಮ 10 ಗ್ರಾಂ ಪುಡಿಯಲ್ಲಿ ಹೆಚ್ಚೆಂದರೆ ಅರ್ಧ ಗ್ರಾಂ ಎಣ್ಣೆ, ಅದೂ ಹದಿನೈದು ಸೋಪಿಗೆ ಹಂಚಿಹೋಗಬೇಕು. ಆ ಪುಡಿಯಿಂದ ಬಚ್ಚಲುಮನೆ ಘಮ್ ಅನ್ನುವುದಿಲ್ಲ. ಘಮ್ ಅನ್ನಿಸುತ್ತಿರುವುದು ಆ 30 ಗ್ರಾಂ ಸುಗಂಧದ ಎಣ್ಣೆ. ಅದು ನಿಜವಾದ ಶ್ರೀಗಂಧದ ಎಣ್ಣೆ ಆಗಿರಲು ಸಾಧ್ಯವೇ? ನಿಜವಾದ್ದಕ್ಕೆ ಕೆಜಿಗೆ ಲಕ್ಷ ರೂಪಾಯಿಗೂ ಮೇಲಿದೆ. 30 ಗ್ರಾಂಗೆ ಮೂರು ಸಾವಿರ ದಾಟುತ್ತದೆ, ಅಂದರೆ ಒಂದೊಂದು ಸೋಪಿಗೆ ಬರೀ ಪರಿಮಳಕ್ಕೇ ಇನ್ನೂರು ರೂಪಾಯಿ. ನಿಮ್ಮ ಸೋಪಿನ ಬೆಲೆಯೇ 120. ಹಾಗಾಗಿ ಅದು ಗಂಧದ ಪರಿಮಳ ಹೋಲುವ, ತಯಾರಿಸಿದ ಸುಗಂಧ. ಅದರಲ್ಲಿ ತಪ್ಪೇನೂ ಇಲ್ಲ. ಮುಚ್ಚಿಡುವುದು ಮಾತ್ರ ತಪ್ಪು.

ರಕ್ತಚಂದನದ ವಿಷಯವೂ ಹೀಗೇ. ಹೆಸರಲ್ಲಿ ಚಂದನ ಇದೆ ಅಂತ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಮರವೇ ಬೇರೆ, ಶ್ರೀಗಂಧದ ವಾಸನೆ ಅದಕ್ಕೆ ಇಲ್ಲ. ನಿಮ್ಮ ಸೋಪಿನಲ್ಲಿ ಅದರ ಕೆಲಸ ಬಣ್ಣ ಕೊಡುವುದು. ಫೋಟೊದಲ್ಲಿ ಕಾಣುವ ಆ ನೇರಳೆ ಮಿಶ್ರಿತ ಕಂದು ಛಾಯೆ ಕಾಸ್ಟಿಕ್ ಸೋಡಾ ತಗುಲಿದ ರಕ್ತಚಂದನದ್ದು, ಶ್ರೀಗಂಧದ್ದಲ್ಲ. "ಬಣ್ಣಕ್ಕೆ ರಕ್ತಚಂದನ" ಅಂತ ಒಂದು ಮಾತು ಸೇರಿಸಿದರೆ ಸಾಕು.

ಇನ್ನು "ಕೆಮಿಕಲ್ ಇಲ್ಲ". ಕಾಸ್ಟಿಕ್ ಸೋಡಾ ಇಲ್ಲದೆ ಎಣ್ಣೆ ಸೋಪಾಗುವುದೇ ಇಲ್ಲ. ಅದು ಎಣ್ಣೆಯ ಜೊತೆ ಸೇರಿ ಸೋಪು ಮತ್ತು ಗ್ಲಿಸರಿನ್ ಆಗುತ್ತದೆ. ನಿಮ್ಮ ಲೆಕ್ಕದಲ್ಲಿ ಎಣ್ಣೆಗೆ ಬೇಕಾದ್ದಕ್ಕಿಂತ ಸೋಡಾ ಸ್ವಲ್ಪ ಕಡಿಮೆಯೇ ಇದೆ. ಅಳತೆ ತಪ್ಪದಿದ್ದರೆ ಸೋಡಾ ಪೂರ್ತಿ ಖರ್ಚಾಗಿ ಸ್ವಲ್ಪ ಎಣ್ಣೆ ಹಾಗೇ ಉಳಿಯುತ್ತದೆ. ಇದನ್ನು ಹೆದರದೆ ಬರೆಯಿರಿ: "ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಬೆರೆಸಿ ಮಾಡಿದ ಸೋಪು, ಐದು ವಾರ ಒಣಗಿಸಿದ್ದು." ಸೋಡಾ ಅಂದರೆ ಗಿರಾಕಿ ಬೆಚ್ಚುತ್ತಾರೆ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಆದರೆ ಕೇಳಿದವರಿಗೆ ನಾಲ್ಕು ಮಾತಲ್ಲಿ ವಿವರಿಸಿದರೆ ಅವರು ಮತ್ತೆ ನಿಮ್ಮ ಹತ್ತಿರವೇ ಬರುತ್ತಾರೆ. ಕೆಲವರು ಇಲ್ಲಿ "ಪಿಎಚ್ ಬ್ಯಾಲೆನ್ಸ್ಡ್" ಅಂತಲೂ ಸೇರಿಸುತ್ತಾರೆ. ಅದನ್ನಂತೂ ಮುಟ್ಟಲೇಬೇಡಿ. ಹೀಗೆ ಮಾಡಿದ ಸೋಪಿನ ಪಿಎಚ್ ಒಂಬತ್ತು, ಹತ್ತರ ಸುತ್ತ ಇರುತ್ತದೆ. ಚರ್ಮದ್ದು ಐದರ ಆಸುಪಾಸು.

ಮೊಡವೆ ಮಾತಿಗೆ ಬರೋಣ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಪತ್ರಿಕೆಗೆ ಒಂದು ಸೋಪಿನ ಜಾಹೀರಾತು ಬಂತು. "ಹದಿನೈದು ದಿನದಲ್ಲಿ ಕಲೆ ಮಾಯ" ಅಂತ ಇತ್ತು. ಪುಟ ತುಂಬಿಸುವ ಗಡಿಬಿಡಿ, ನಾನು ಓದಿಯೂ ಬಿಟ್ಟುಬಿಟ್ಟೆ. ಎರಡು ತಿಂಗಳಾದ ಮೇಲೆ ಶಿರಾ ಕಡೆಯ ಒಬ್ಬ ತಾಯಿ ಕಾಗದ ಬರೆದರು. ಮಗಳ ಮುಖಕ್ಕೆ ದಿನಾ ಮೂರು ಸಲ ಅದೇ ಸೋಪು ಹಾಕಿ ತಿಕ್ಕಿದ್ದಾರೆ. ಕಲೆ ಹೋಗಲಿಲ್ಲ, ಕೆನ್ನೆ ಒಣಗಿ ಸಿಪ್ಪೆ ಏಳತೊಡಗಿತು. "ನಿಮ್ಮ ಪತ್ರಿಕೆಯಲ್ಲಿ ಬಂದಿದೆ ಅಂತ ನಂಬಿದ್ವಿ" ಎಂದು ಬರೆದಿದ್ದರು. ಆ ಕಾಗದ ಇವತ್ತಿಗೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಮಾಯವಾಗುತ್ತೆ ಅಂತ ಬರೆದರೆ, ಮಾಯವಾಗುವ ತನಕ ತಿಕ್ಕುವವರು ಇರುತ್ತಾರೆ.

ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಪ್ರಕಾರ ಶುಚಿ ಮಾಡುವುದು, ಅಂದ ಹೆಚ್ಚಿಸುವುದು ಕಾಂತಿವರ್ಧಕದ ಕೆಲಸ. ಕಾಯಿಲೆ ವಾಸಿ ಮಾಡುವುದು, ತಡೆಯುವುದು ಔಷಧದ ಕೆಲಸ. ಸೋಪು ಮೊದಲನೆಯದಕ್ಕೆ ಸೇರುತ್ತದೆ. ಮೊಡವೆ, ತುರಿಕೆ, ಇಸುಬು ವಾಸಿಯಾಗುತ್ತದೆ ಅಂತ ಬರೆದ ಕೂಡಲೇ ನೀವು ಔಷಧದ ಕಡೆಗೆ ದಾಟಿದಿರಿ. 2020ರ ಕಾಂತಿವರ್ಧಕ ನಿಯಮಗಳಲ್ಲೂ ಕೊಳ್ಳುವವರ ದಾರಿ ತಪ್ಪಿಸುವ ಮಾತು ಕೂಡದು ಅಂತಿದೆ. ಮಾರಾಟಕ್ಕೆ ಸೋಪು ಮಾಡಲು ಲೈಸೆನ್ಸ್ ಬೇಕಾಗುವುದೂ ಇದೇ ನಿಯಮಗಳಡಿ. ಆ ವಿಷಯ ನೀವು ಬರೆದಿಲ್ಲ, ಇನ್ನೂ ಮಾಡಿಸಿಲ್ಲದಿದ್ದರೆ ಮೊದಲು ಅದನ್ನು ವಿಚಾರಿಸಿ.

"ಆದರೆ ಗಂಧ ತಂಪು ಅಲ್ವಾ, ನಮ್ಮಜ್ಜಿ ಹಚ್ಚುತ್ತಿದ್ದರು" ಅಂತ ನೀವು ಕೇಳಬಹುದು. ಹಚ್ಚುತ್ತಿದ್ದರು ನಿಜ. ಸಾಣೆಕಲ್ಲಿನ ಮೇಲೆ ಕೊರಡು ತೇಯ್ದು, ಗಟ್ಟಿ ಗಂಧ ಬಳಿದು, ಒಣಗುವ ತನಕ ಹಾಗೇ ಬಿಡುತ್ತಿದ್ದರು. ಸೋಪು ಮೈಮೇಲೆ ಇರುವುದು ಅರ್ಧ ನಿಮಿಷ, ಆಮೇಲೆ ನೀರಿನ ಜೊತೆ ಹೋಗುತ್ತದೆ. ಅದರಲ್ಲಿರುವ ಚಿಟಿಕೆ ಪುಡಿಗೆ ಅಜ್ಜಿಯ ಗಂಧದ ಗುಣ ಹೊರಿಸಲು ಬರುವುದಿಲ್ಲ.

ಇದರಿಂದಲೇ ನಿಮ್ಮ ಫೋಟೊ ಬಗ್ಗೆ ಒಂದು ಮಾತು. ಅದು ಚೆನ್ನಾಗಿದೆ, ಕಿಟಕಿಯ ಬೆಳಕು ಸೋಪಿನ ಅಂಚಿಗೆ ಬಿದ್ದಿರುವುದು ನೋಡಿ ನನಗೇ ಮುಟ್ಟಬೇಕು ಅನ್ನಿಸಿತು. ಆದರೆ ಸೋಪನ್ನು ಸಾಣೆಕಲ್ಲಿನ ಮೇಲೆ ಇಟ್ಟಿದ್ದೀರಿ. ಪಕ್ಕದಲ್ಲಿ ಗೇಣುದ್ದದ ಗಂಧದ ಕೊರಡು, ಕಲ್ಲಿನ ಮೇಲೆ ಆಗತಾನೇ ತೇಯ್ದ ಗಂಧ ಹಸಿಹಸಿಯಾಗಿ ಇಳಿಯುತ್ತಿದೆ. ಕೆಳಗೆ ನೀವು ಎಷ್ಟೇ ಹುಷಾರಾಗಿ ಬರೆದರೂ, ತೇಯ್ದ ಗಂಧದಿಂದ ಮಾಡಿದ ಸೋಪು ಅಂತ ಆ ಚಿತ್ರವೇ ಹೇಳಿಬಿಡುತ್ತದೆ. ಕೊರಡು ಮತ್ತು ತೇಯ್ದ ಗಂಧ ಎರಡನ್ನೂ ತೆಗೆಯಿರಿ. ಬದಲಿಗೆ ಒಂದು ಹೋಳು ಕೊಬ್ಬರಿ, ಒಂದು ಪುಟ್ಟ ಚಮಚದಲ್ಲಿ ಗಂಧದ ಪುಡಿ ಇಡಿ. ಸೋಪಿನಲ್ಲಿ ಯಾವುದು ಜಾಸ್ತಿ, ಯಾವುದು ಕಡಿಮೆ ಅಂತ ಚಿತ್ರದಲ್ಲೇ ಗೊತ್ತಾಗುತ್ತದೆ. ನಿಜ ಹೇಳಬೇಕೆಂದರೆ ನಿಮ್ಮ ಸೋಪಿನ ದೊಡ್ಡ ಹೆಮ್ಮೆ ಕೊಬ್ಬರಿ ಎಣ್ಣೆಯೇ. ನಮ್ಮ ಜಿಲ್ಲೆಯ ಕೊಬ್ಬರಿ, ನಮ್ಮದೇ ಗಾಣ. ಅದನ್ನು ನೀವು ಒಂದು ಅಕ್ಷರವೂ ಬರೆದಿಲ್ಲ!

ಪುಡಿ ನಿಜವಾದ ಗಂಧವೇ ಅನ್ನುವುದನ್ನೂ ನೋಡಿಕೊಳ್ಳಿ. ಯಾವುದೋ ಮರದ ಹೊಟ್ಟಿಗೆ ಸೆಂಟು ಸಿಂಪಡಿಸಿ ಗಂಧದ ಪುಡಿ ಅಂತ ಮಾರುವುದಿದೆ. ಬಿಸಿನೀರಿಗೆ ಹಾಕಿ ಮೂಸಿ ನೋಡುವುದರಿಂದ ಇದು ತೀರ್ಮಾನವಾಗುವುದಿಲ್ಲ, ಈಗಿನ ಸೆಂಟುಗಳೂ ದಿನಗಟ್ಟಲೆ ಉಳಿಯುತ್ತವೆ. ಖಚಿತವಾಗಬೇಕಾದರೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಕನಿಷ್ಠ ಬಿಲ್ ಕೊಡುವವರ ಹತ್ತಿರ ಕೊಂಡು ಬಿಲ್ ಇಟ್ಟುಕೊಳ್ಳಿ. ಬಿಲ್ ಇಲ್ಲದ ಪುಡಿ ಆದರೆ ಹೆಸರಿನಿಂದ "ಶ್ರೀಗಂಧ" ತೆಗೆದು "ಗಂಧದ ಪರಿಮಳದ ಸೋಪು" ಅನ್ನಿ. "ಮೈಸೂರು" ಅನ್ನುವ ಪದವನ್ನು ಮಾತ್ರ ಯಾವ ಕಾರಣಕ್ಕೂ ಸೇರಿಸಬೇಡಿ. ಮೈಸೂರು ಸ್ಯಾಂಡಲ್ ಸೋಪಿಗೂ ಮೈಸೂರು ಶ್ರೀಗಂಧದ ಎಣ್ಣೆಗೂ ಭೌಗೋಳಿಕ ಗುರುತಿನ ನೋಂದಣಿ ಇದೆ.

ಇಷ್ಟೆಲ್ಲ ಬೇಡ ಅಂದಮೇಲೆ ಏನು ಉಳಿಯಿತು ಅನ್ನಿಸಬಹುದು. ಬೇಕಾದಷ್ಟು ಉಳಿದಿದೆ. ನಾನಾದರೆ ಹೀಗೆ ಬರೆಯುತ್ತಿದ್ದೆ:

"ನಮ್ಮ ಹೊಸ ಸೋಪು, ಗಂಧದ ಪರಿಮಳದ್ದು. ಅರ್ಧದಷ್ಟು ಎಣ್ಣೆ ತಿಪಟೂರಿನ ಗಾಣದ ಕೊಬ್ಬರಿ ಎಣ್ಣೆ, ಜೊತೆಗೆ ಅಕ್ಕಿ ತೌಡಿನ ಎಣ್ಣೆ, ಹರಳೆಣ್ಣೆ. ಕಾಸ್ಟಿಕ್ ಸೋಡಾ ಬೆರೆಸಿ ಕೈಯಲ್ಲೇ ಮಾಡಿ, ಐದು ವಾರ ಒಣಗಿಸಿದ್ದೇವೆ. ಮೇಲೆ ಕಾಣುವ ಸಣ್ಣ ಚುಕ್ಕಿಗಳು ಶ್ರೀಗಂಧದ ಪುಡಿ, ಒಂದು ಸೋಪಿಗೆ ಅರ್ಧ ಗ್ರಾಂಗಿಂತ ಸ್ವಲ್ಪ ಹೆಚ್ಚು. ಬಣ್ಣ ರಕ್ತಚಂದನದ್ದು. ಪರಿಮಳಕ್ಕೆ ಗಂಧದ ವಾಸನೆಯ ಸುಗಂಧ ಸೇರಿಸಿದ್ದೇವೆ. ಒಳ್ಳೆ ನೊರೆ ಬರುತ್ತದೆ, ಕೊಳೆ ತೆಗೆಯುತ್ತದೆ, ಸ್ನಾನದ ಹೊತ್ತಿಗೆ ಮನೆಯೆಲ್ಲ ಗಂಧದ ಘಮ. ಸುಗಂಧ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ಮೊದಲು ಮೊಣಕೈ ಒಳಗೆ ಹಚ್ಚಿ ನೋಡಿ."

ಇದರಲ್ಲಿ ಯಾರು ಏನು ಕೇಳಿದರೂ ನೀವು ಚೀಟಿ ತೆಗೆದು ತೋರಿಸಬಹುದು. ಲೇಬಲ್ ಮೇಲೆ ಪದಾರ್ಥ ಬರೆಯುವಾಗಲೂ ಜಾಸ್ತಿ ತೂಕದ್ದು ಮೊದಲು, ನೂರಕ್ಕೆ ಒಂದಕ್ಕಿಂತ ಕಡಿಮೆ ಇರುವುದು ಕೊನೆಗೆ. ನಿಮ್ಮ ಎರಡೂ ಪುಡಿಗಳು ಕೊನೆಗೇ ಬರುತ್ತವೆ.

ಹ್ಯಾಷ್‌ಟ್ಯಾಗ್‌ಗೂ ಇದೇ ಎಚ್ಚರ ಬೇಕು. ಮೇಲೆ ಸರಿಯಾಗಿ ಬರೆದು ಕೆಳಗೆ ಮೊಡವೆ, ಗ್ಲೋ ಅಂತ ಟ್ಯಾಗ್ ಹಾಕಿದರೆ ಪ್ರಯೋಜನ ಇಲ್ಲ. ಯಾರಾದರೂ ಗಿರಾಕಿ "ಅಕ್ಕಾ, ನನ್ನ ಕಲೆ ಹೋಯ್ತು" ಅಂತ ಮೆಸೇಜ್ ಕಳಿಸಿದರೆ ಸಂತೋಷಪಡಿ, ಥ್ಯಾಂಕ್ಸ್ ಹೇಳಿ. ಅದನ್ನು ನೀವೇ ಹಾಕಿಕೊಂಡರೆ ಮಾತ್ರ ಅದು ನಿಮ್ಮ ಮಾತಾಗುತ್ತದೆ.

ಕೊನೆಗೆ ತೂಕ. ಅಚ್ಚಿನಿಂದ ತೆಗೆದಾಗ ನೂರು ಗ್ರಾಂ ಇದ್ದದ್ದು ಐದು ವಾರದಲ್ಲಿ ನೀರು ಆರಿ ಇಳಿಯುತ್ತದೆ. ನಿಮ್ಮ ಚೀಟಿಯಲ್ಲಿ ಒಣಗಿದ ಮೇಲಿನ ತೂಕ ಇಲ್ಲ. ಹದಿನೈದನ್ನೂ ಒಂದೊಂದಾಗಿ ತಕ್ಕಡಿಗೆ ಇಟ್ಟು, ಅತಿ ಕಡಿಮೆ ಬಂದದ್ದನ್ನೇ ಫೋಟೊ ಕೆಳಗೆ ಬರೆಯಿರಿ.