ಟ್ರೈನಿಂಗ್‌ನಲ್ಲಿ ಸೊನ್ನೆ ಎರರ್, ಟೆಸ್ಟ್‌ನಲ್ಲಿ ಸೋಲು

ಪ್ರಶ್ನೆ: ಟ್ರೈನಿಂಗ್ ಎರರ್ ಸೊನ್ನೆ ಇದ್ದರೂ ಮಾಡೆಲ್ ಟೆಸ್ಟ್‌ನಲ್ಲಿ ಏಕೆ ಸೋಲುತ್ತದೆ? ಅದನ್ನು ತಡೆಯುವ ರಿಡ್ಜ್ ದಂಡದ ತೂಕ λ ಆರಿಸುವುದು ಹೇಗೆ?

ಉತ್ತರ: ಮಾಡೆಲ್ ಡೇಟಾದೊಳಗಿನ ಗದ್ದಲವನ್ನೂ ಬಾಯಿಪಾಠ ಮಾಡಿರುತ್ತದೆ, ಇದೇ ಓವರ್‌ಫಿಟಿಂಗ್. 10 ಬಿಂದುಗಳಿಗೆ 9ನೇ ಘಾತದ ಬಹುಪದಿ ಹೊಂದಿಸಿ ನೋಡಿ. ಅದರಲ್ಲಿ 10 ಗುಣಾಂಕಗಳಿರುವುದರಿಂದ ಗೆರೆ ಎಲ್ಲ ಬಿಂದುಗಳನ್ನೂ ಮುಟ್ಟುತ್ತದೆ, ನಡುವೆ ಮಾತ್ರ ಹುಚ್ಚಾಪಟ್ಟೆ ಏರಿಳಿಯುತ್ತದೆ. ಗುಣಾಂಕಗಳನ್ನು ಪ್ರಿಂಟ್ ಮಾಡಿದರೆ ಗುಟ್ಟು ರಟ್ಟು: ಸಾಮಾನ್ಯವಾಗಿ ಭಾರೀ ಸಂಖ್ಯೆಗಳು, ಕೆಲವು ಧನ, ಕೆಲವು ಋಣ, ಒಂದನ್ನೊಂದು ಎಳೆದಾಡುತ್ತಿರುತ್ತವೆ.

ರಿಡ್ಜ್ ರೆಗ್ಯುಲರೈಸೇಶನ್ ಎರರ್‌ಗೆ `λ × Σw²` ಎಂಬ ದಂಡ ಸೇರಿಸಿ ಈ ಗುಣಾಂಕಗಳನ್ನು, ಅಂದರೆ w ಗಳನ್ನು, ಕುಗ್ಗಿಸುತ್ತದೆ. ಟ್ರೈನಿಂಗ್ ಎರರ್ ನೋಡಿ λ ಆರಿಸಿದರೆ ಯಾವಾಗಲೂ 0 ಗೆಲ್ಲುತ್ತದೆ (ದಂಡ ಯಾರಿಗೆ ಬೇಕು!). ಅದಕ್ಕೇ ಕ್ರಾಸ್ ವ್ಯಾಲಿಡೇಶನ್: 2 ಬಿಂದು ಬದಿಗಿಟ್ಟು ಉಳಿದ 8ರಿಂದ ಕಲಿಸಿ, ಆ 2ರ ಮೇಲೆ ಎರರ್ ಅಳೆಯಿರಿ. ಪ್ರತಿ λಗೂ ಹೀಗೆ ಬೇರೆ ಬೇರೆ ಜೋಡಿಯೊಂದಿಗೆ 5 ಸುತ್ತು. ಸರಾಸರಿ ಎರರ್ ಕನಿಷ್ಠವಾಗುವ λ ಆರಿಸಿ.