ಅಕ್ಕನ ಸಹಿ ಇರಲಿ, ಅಫಿಡವಿಟ್ ಹೋಗಲಿ

‘ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಪೌತಿ ಖಾತೆಗೆ ಅರ್ಜಿ ಕೊಟ್ಟರೆ, ಪಹಣಿಯಲ್ಲಿ ಚನ್ನಯ್ಯ ಅಂತಿದೆ, ಆಧಾರ್‌ನಲ್ಲಿ ಚನ್ನೇಗೌಡ ಅಂತಿದೆ, ಅಫಿಡವಿಟ್ ತನ್ನಿ ಎಂದರು. ತಂದುಕೊಟ್ಟೆ. ಈಗ ಮದುವೆಯಾಗಿ ಹೋದ ಅಕ್ಕನ ಸಹಿ ಬೇಕಂತೆ. ಈ ಕಾಗದದ ಕಾಟವನ್ನೇ ಕಿತ್ತುಹಾಕಬಾರದೇ, ಸಂಪಾದಕರೇ?’
— ಮಂಡ್ಯ ಜಿಲ್ಲೆಯ ಓದುಗರೊಬ್ಬರು

ಅರ್ಧ ಕಿತ್ತುಹಾಕಬಹುದು. ಆದರೆ ನಿಮಗೆ ಜಾಸ್ತಿ ಸಿಟ್ಟು ತರಿಸಿದ ಅಕ್ಕನ ವಿಷಯವಿದೆಯಲ್ಲ, ಅದು ಮಾತ್ರ ಉಳಿಯಲೇಬೇಕು.

ಮೊದಲು ಕಾನೂನು ಏನು ಕೇಳುತ್ತದೆ ನೋಡಿ. 1964ರ ಭೂಕಂದಾಯ ಕಾಯ್ದೆಯ 128ನೇ ಕಲಂ ಪ್ರಕಾರ, ವಾರಸಾಗಿ ಜಮೀನು ಬಂದವರು ಮೂರು ತಿಂಗಳೊಳಗೆ ಊರಿನ ಕಂದಾಯ ಅಧಿಕಾರಿಗೆ ತಿಳಿಸಬೇಕು. ಬಾಯಿಮಾತಲ್ಲಿ ತಿಳಿಸಿದರೂ ನಡೆಯುತ್ತದೆ! ಅವರು ಕೂಡಲೇ ಸ್ವೀಕೃತಿ ಬರೆದುಕೊಡಬೇಕು. ಅಷ್ಟೇ. ಆಮೇಲೆ 129ನೇ ಕಲಂ ಬರುತ್ತದೆ. ಮ್ಯುಟೇಶನ್ ರಿಜಿಸ್ಟರಿನಲ್ಲಿ ಬರೆದದ್ದರ ನಕಲನ್ನು ಚಾವಡಿಯಲ್ಲಿ ಅಂಟಿಸಬೇಕು, ಆ ಜಮೀನಿನಲ್ಲಿ ಹಕ್ಕಿರುವ ಹಾಗೆ ಕಾಣುವ ಎಲ್ಲರಿಗೂ ಬರವಣಿಗೆಯಲ್ಲಿ ತಿಳಿಸಬೇಕು, ತಕರಾರಿಗೆ ಕಾಲಾವಕಾಶ ಕೊಡಬೇಕು. ತಕರಾರು ಬಂದರೆ ವಿಚಾರಣೆ, ಬರದಿದ್ದರೆ ಖಾತೆ.

ಈ ನೋಟಿಸ್ ಇರುವುದೇ ನಿಮ್ಮ ಅಕ್ಕನಂಥವರಿಗಾಗಿ. ಊರಲ್ಲಿ ಉಳಿದ ಅಣ್ಣತಮ್ಮಂದಿರು ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಬಿಟ್ಟು ಖಾತೆ ಮಾಡಿಸಿಕೊಂಡ ಕಥೆಗಳಿಗೆ ನಮ್ಮಲ್ಲಿ ಬರವೇ? ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, 2005ರಲ್ಲಿ ದೇಶಕ್ಕೆಲ್ಲ ಬಂತು. ಆದರೆ ಗಂಡನ ಮನೆಯಲ್ಲಿರುವವಳಿಗೆ ಸುದ್ದಿಯೇ ಮುಟ್ಟದಿದ್ದರೆ ಆ ಪಾಲು ಪುಸ್ತಕದಲ್ಲೇ ಇರುತ್ತದೆ. ಬೇಸರವೆಂದರೆ, ಇಷ್ಟು ಮುಖ್ಯವಾದ ಹಂತವೇ ಎಷ್ಟೋ ಕಡೆ ಸುಮ್ನೆ ಶಾಸ್ತ್ರಕ್ಕೆ ನಡೆಯುತ್ತದೆ. ಚೀಟಿ ಗೋಡೆಗೆ ಅಂಟಿದರೆ ಆಯಿತು, ಬೇರೆ ಊರಲ್ಲಿರುವವಳಿಗೆ ಪತ್ರ ಹೋಯಿತೋ ಇಲ್ಲವೋ ಕೇಳುವವರಿಲ್ಲ.

ಇನ್ನು ಆ ಅಫಿಡವಿಟ್. ಅಪ್ಪನಿಗೆ ಎರಡು ಹೆಸರು ಕೊಟ್ಟವರು ನೀವಲ್ಲ. ಕೈಬರಹದ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ಕಂಪ್ಯೂಟರಿಗೆ ಹತ್ತಿಸಿದರು. ಪುಸ್ತಕದಲ್ಲಿ ಚನ್ನಯ್ಯ ಎಂದಿದ್ದರೆ ಅದೇ ಹತ್ತಿತು, ಆಧಾರ್ ಮಾಡಿಸುವಾಗ ಅವರು ಚನ್ನೇಗೌಡ ಎಂದಿರುತ್ತಾರೆ. ಇಬ್ಬರೂ ಒಬ್ಬರೇ ಎಂದು ಊರಿನ ಗ್ರಾಮ ಆಡಳಿತ ಅಧಿಕಾರಿ ನಾಲ್ಕು ಜನರನ್ನು ಕೇಳಿ ಮಹಜರು ಬರೆದರೆ ಮುಗಿಯಿತು. ಅದು ಬಿಟ್ಟು, ಛಾಪಾ ಕಾಗದದ ಮೇಲೆ ನೀವೇ ಟೈಪ್ ಮಾಡಿಸಿ, ನಿಮ್ಮನ್ನೂ ನಿಮ್ಮಪ್ಪನನ್ನೂ ಕಂಡೇ ಇಲ್ಲದ ನೋಟರಿಯ ಮೊಹರು ಹಾಕಿಸಿದರೆ ಯಾವ ಸತ್ಯ ಹೊರಗೆ ಬರುತ್ತದೆ? ನಮ್ಮವರೇ ಆದ ವೀರಪ್ಪ ಮೊಯಿಲಿ ಅಧ್ಯಕ್ಷರಾಗಿದ್ದ ಎರಡನೇ ಆಡಳಿತ ಸುಧಾರಣಾ ಆಯೋಗ 2009ರಲ್ಲೇ ಸ್ವಯಂ ದೃಢೀಕರಣ ಸಾಕು ಎಂದಿತ್ತು.

ಹಾಗಿದ್ದೂ ಕೇಳುತ್ತಾರಲ್ಲ, ಯಾಕೆ? ಲಂಚದ ಆಸೆ ಒಂದೇ ಕಾರಣ ಅಂದುಕೊಳ್ಳಬೇಡಿ. ಆ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿ. ತಪ್ಪು ಖಾತೆಗೆ ಸಹಿ ಹಾಕಿದರೆ ಇಲಾಖಾ ವಿಚಾರಣೆ, ಅಮಾನತು. ತಡ ಮಾಡಿದರೆ? ಸಕಾಲ ಕಾಯ್ದೆ ಬಂದಾಗ ಇಟ್ಟ ಪರಿಹಾರ ದಿನಕ್ಕೆ 20 ರೂಪಾಯಿ, ಎಷ್ಟೇ ಆದರೂ 500 ದಾಟುವಂತಿಲ್ಲ. ಯಾರಾದರೂ ಏನು ಮಾಡುತ್ತಾರೆ? ಇನ್ನೊಂದು ಕಾಗದ ಕೇಳುತ್ತಾರೆ. ನಾಳೆ ಹೆಚ್ಚುಕಮ್ಮಿಯಾದರೆ ‘ಅರ್ಜಿದಾರರೇ ಪ್ರಮಾಣ ಮಾಡಿದ್ದಾರೆ ಸಾರ್’ ಅನ್ನಬಹುದಲ್ವಾ. ಹಿಂದೊಮ್ಮೆ ಯಾರೋ ಸುಳ್ಳು ವಂಶವೃಕ್ಷ ಕೊಟ್ಟಿರುತ್ತಾರೆ, ಯಾವನೋ ಗುಮಾಸ್ತ ಸಿಕ್ಕಿಬಿದ್ದಿರುತ್ತಾನೆ. ಅವತ್ತು ಸೇರಿದ ಕಾಗದ ಆಮೇಲೆ ಎಲ್ಲರ ಫೈಲಿಗೂ ಕಾಯಂ. ತೆಗೆದವನಿಗೆ ಲಾಭವಿಲ್ಲ, ಹಾಗಾಗಿ ತೆಗೆಯುವವರೂ ಇಲ್ಲ.

ಬೆಲೆ ತೆರುವವರು ನೀವು. ಖಾತೆ ಸತ್ತವರ ಹೆಸರಲ್ಲೇ ಇದ್ದರೆ ಸೊಸೈಟಿಯ ಬೆಳೆ ಸಾಲಕ್ಕೆ ತೊಡಕು. ಬೆಳೆ ಹಾಳಾದಾಗ ಪರಿಹಾರದ ಹಣ ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿಗೆ ಜೋಡಿಸಿದ ಜಮೀನಿನ ಲೆಕ್ಕದಲ್ಲಿ ಬರುತ್ತದೆ, ಉಳುತ್ತಿರುವ ನಿಮ್ಮ ಹೆಸರು ಪಹಣಿಯಲ್ಲೇ ಇಲ್ಲವಲ್ಲ. ಹತ್ತು ವರ್ಷ ಹೀಗೇ ಬಿಟ್ಟರೆ ವಾರಸುದಾರರಲ್ಲೂ ಯಾರಾದರೂ ತೀರಿಕೊಂಡು ಒಂದು ಪೌತಿ ಎರಡಾಗುತ್ತದೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಅಮ್ಮ ಇದ್ದರೆ ಅಮ್ಮ, ನೀವು, ಅಕ್ಕ, ಎಲ್ಲರ ಹೆಸರೂ ಇರುವ ವಂಶವೃಕ್ಷ ಕೊಟ್ಟು ಜಂಟಿ ಖಾತೆಯನ್ನೇ ಕೇಳಿ. ‘ಅಕ್ಕನಿಗೆ ಪಾಲು ಬೇಡ’ ಎಂದು ಛಾಪಾ ಕಾಗದದಲ್ಲಿ ಬರೆಸಿಕೊಂಡು ಹೋಗಬೇಡಿ. ಹಕ್ಕು ಬಿಡುವುದಾದರೆ ಅವರೇ ಒಪ್ಪಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಬೇಕು. ಮತ್ತೆ ಹೊಸ ಕಾಗದ ಕೇಳಿದರೆ ಜಗಳ ಆಡಬೇಡಿ, ‘ಯಾವ ನಿಯಮದಡಿ ಬೇಕು ಅಂತ ಹಿಂಬರಹ ಕೊಡಿ ಸಾರ್’ ಎನ್ನಿ. ಎಷ್ಟೋ ಬೇಡಿಕೆಗಳು ಬಾಯಲ್ಲಿ ಬರುತ್ತವೆ, ಬರೆಯಿರಿ ಎಂದಾಗ ಮಾಯವಾಗುತ್ತವೆ. ಬರೆದೇ ಕೊಟ್ಟರೂ ಒಳ್ಳೆಯದೇ, ಅದನ್ನೇ ಹಿಡಿದು ಸಕಾಲದಲ್ಲಿ ಮೇಲ್ಮನವಿ ಹಾಕಬಹುದು.